ಹೆಸರೇ ಮೊದಲ ನಂಬಿಕೆ

ನಡುರಾತ್ರಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದವರಿಗೆ ಬೇಕಾದದ್ದು ತಾವು ಬುಕ್ ಮಾಡಿದ ಕಾರು ಇದೇ ಎಂಬ ಖಾತ್ರಿ. ಹಾಸನದ ಮಾಲೀಕರೊಬ್ಬರು ‘ಶ್ರೀ ಮಂಜುನಾಥ ಟ್ರಾವೆಲ್ಸ್’ ಎಂದು ಹೆಸರಿಟ್ಟರೆ, ಅದೇ ಹೆಸರಿನವು ಊರೂರಲ್ಲೂ ಇರುವುದರಿಂದ ಗ್ರಾಹಕರ ಕರೆ ಬೇರೆಯವರಿಗೆ ಹೋಗಬಹುದು. ‘ಹಾಸನ ಹೇಮಾವತಿ ಟ್ರಾವೆಲ್ಸ್’ ಎಂದರೆ ಊರೂ ಗೊತ್ತಾಗುತ್ತದೆ, ಫೋನಿನಲ್ಲಿ ಒಮ್ಮೆ ಹೇಳಿದರೂ ಸಾಕು. ಆದರೆ ಮುಂದೆ ಬೇರೆ ಊರುಗಳಲ್ಲೂ ಕಚೇರಿ ತೆರೆಯುವ ಯೋಚನೆಯಿದ್ದರೆ ಊರಿನ ಹೆಸರು ತೊಡಕಾಗುತ್ತದೆ.

ಬೋರ್ಡು ಬರೆಸುವ ಮೊದಲು ಟ್ರೇಡ್‌ಮಾರ್ಕ್ ನೋಂದಣಿಯ ಜಾಲತಾಣದಲ್ಲಿ, ಸಾರಿಗೆ ಮತ್ತು ಪ್ರವಾಸ ಸೇವೆಗಳಿಗೆ ಮೀಸಲಾದ 39ನೇ ವರ್ಗದಲ್ಲಿ ಆ ಹೆಸರನ್ನು ಹುಡುಕಬೇಕು. ಆಮೇಲೆ ಬ್ಯಾಂಕ್ ಖಾತೆಯನ್ನೂ ಅದೇ ಹೆಸರಲ್ಲಿ ತೆರೆಯಬೇಕು. ಮುಂಗಡ ಕಳಿಸುವಾಗ ಯುಪಿಐ ಪರದೆಯಲ್ಲಿ ಅಪರಿಚಿತ ವ್ಯಕ್ತಿಯ ಹೆಸರು ಕಂಡರೆ ಗ್ರಾಹಕರು ಅಲ್ಲೇ ಹಿಂಜರಿಯುತ್ತಾರೆ. ಪರದೆ, ರಸೀದಿ, ಚಾಲಕ ಹಿಡಿದ ಫಲಕ ಮೂರರಲ್ಲೂ ಒಂದೇ ಹೆಸರಿರಲಿ.