ಗ್ಯಾಸ್ ಇದೆ, ತಂಪಿಲ್ಲ

ಜಯನಗರದಲ್ಲೋ ಬನಶಂಕರಿಯಲ್ಲೋ ವರ್ಷಗಟ್ಟಲೆ ತಕರಾರಿಲ್ಲದೆ ಓಡಿದ ಏಸಿಯನ್ನು ಸುರತ್ಕಲ್ ಅಥವಾ ಮಲ್ಪೆಯ ಊರಮನೆಗೆ ಸಾಗಿಸುವವರಿದ್ದಾರೆ. ಕೆಲವೇ ಬೇಸಿಗೆ ಕಳೆಯುವುದರೊಳಗೆ ಅದು ಏದುಸಿರು ಬಿಡತೊಡಗುತ್ತದೆ. ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಕೋಣೆ ಮಾತ್ರ ತಣಿಯುವುದಿಲ್ಲ. ಗ್ಯಾಸ್ ಮುಗಿದಿರಬೇಕು ಎಂದುಕೊಂಡು ನೋಡಿದರೆ ಅದು ತುಂಬಿಯೇ ಇರುತ್ತದೆ.

ಹೊರಗಿನ ಯೂನಿಟ್ಟಿನ ಕಾಯಿಲ್‌ನಲ್ಲಿ ಸಾಮಾನ್ಯವಾಗಿ ಬಿಸಿ ಗ್ಯಾಸ್ ಹರಿಯುವುದು ತಾಮ್ರದ ಕೊಳವೆಯಲ್ಲಿ. ಆ ಬಿಸಿಯನ್ನು ಗಾಳಿಗೆ ದಾಟಿಸುವುದು ಕೊಳವೆಗೆ ಬಿಗಿಯಾಗಿ ಕೂರಿಸಿದ ಅಲ್ಯೂಮಿನಿಯಂ ಫಿನ್‌ಗಳು. ಅವುಗಳ ದಪ್ಪ ಸುಮಾರು 0.1 ಮಿಲಿಮೀಟರ್. ಎರಡು ಬೇರೆ ಲೋಹಗಳು ತಾಗಿಕೊಂಡಿರುವ ಕಡೆ ಉಪ್ಪುನೀರು ಸೇರಿದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಹುಟ್ಟುತ್ತದೆ. ಅದರಲ್ಲಿ ಕರಗುವುದು ಅಲ್ಯೂಮಿನಿಯಂ, ಉಳಿಯುವುದು ತಾಮ್ರ. ಹಾಗಾಗಿ ಗ್ಯಾಸ್ ಸೋರುವುದಕ್ಕೆ ಎಷ್ಟೋ ಮೊದಲೇ ಕೊಳವೆಗೂ ಫಿನ್ನಿಗೂ ಇದ್ದ ಹಿಡಿತ ಸಡಿಲಾಗಿ, ಬಿಸಿ ಹೊರಹೋಗುವ ದಾರಿ ಮುಚ್ಚುತ್ತದೆ.

ಬೆಂಗಳೂರಿನಲ್ಲಿ ಕಡಲಗಾಳಿಯ ಉಪ್ಪಿಲ್ಲ, ಬೇಸಿಗೆಯ ಮಧ್ಯಾಹ್ನ ಗಾಳಿಯೂ ಒಣಗಿರುತ್ತದೆ. ಕರಾವಳಿಯಲ್ಲಿ ಎರಡೂ ತಿರುವುಮುರುವು. ಅಡುಗೆ ಉಪ್ಪು ಗಾಳಿಯ ತೇವಾಂಶ ಶೇ. 75 ದಾಟಿದಾಗ ನೀರೊಡೆಯುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇ. 33ರಷ್ಟೇ ಸಾಕು. ಮಳೆಯಿಲ್ಲದ ದಿನವೂ ಕಾಯಿಲ್ ಒದ್ದೆಯಾಗಿಯೇ ಇರುವುದು ಹೀಗೆ. ಜಡಿಮಳೆಯಾದರೋ ಉಪ್ಪನ್ನು ತೊಳೆದು ಉಪಕಾರವನ್ನೇ ಮಾಡುತ್ತದೆ. ಸಜ್ಜೆಯ ಕೆಳಗೆ ಜೋಪಾನವಾಗಿ ಕೂತ ಯೂನಿಟ್ಟಿಗೆ ಆ ಭಾಗ್ಯವಿಲ್ಲ.

ಆದ್ದರಿಂದ ಮುಖ್ಯ ಉಪಾಯ ಸಿಹಿನೀರಿನ ಸ್ನಾನ. ಡಿಸೆಂಬರಿನಿಂದ ಮೇವರೆಗೆ, ಕಡಲಿಗೆ ಹತ್ತಿರದ ಮನೆಯಾದರೆ ತಿಂಗಳಿಗೊಮ್ಮೆ, ಮೇನ್ ಸ್ವಿಚ್ ಆರಿಸಿ, ತೋಟದ ಪೈಪಿನಿಂದ ಮೆಲ್ಲಗೆ ಮೇಲಿನಿಂದ ಕೆಳಕ್ಕೆ ಕಾಯಿಲ್‌ಗೆ ನೀರು ಬಿಡಬೇಕು. ವಿದ್ಯುತ್ ಜೋಡಣೆಯ ಡಬ್ಬಿಯತ್ತ ಬಿಡಬಾರದು. ಕಾರು ತೊಳೆಯುವ ಪ್ರೆಶರ್ ಪಂಪು ಫಿನ್ನುಗಳನ್ನು ಮಡಚಿಹಾಕುತ್ತದೆ. ಬಾವಿಯ ನೀರು ಉಪ್ಪುಪ್ಪಾಗಿದ್ದರೆ ಅದು ಬೇಡ, ನಲ್ಲಿಯ ನೀರೇ ಆಗಬೇಕು. ಕ್ಷಾರದ ಕ್ಲೀನರ್ ಕೂಡ ಬೇಡ, ಅದು ಅಲ್ಯೂಮಿನಿಯಂ ಅನ್ನೇ ಕರಗಿಸುತ್ತದೆ. ಪ್ಲಾಸ್ಟಿಕ್ ಹೊದಿಕೆ ಕಟ್ಟುವುದು ನನ್ನ ಮಟ್ಟಿಗೆ ಏನೂ ಮಾಡದಿರುವುದಕ್ಕಿಂತ ಕೆಟ್ಟದ್ದು: ಉಪ್ಪು, ತೇವ ಎರಡನ್ನೂ ಒಳಗೇ ಕೂಡಿಹಾಕಿದಂತಾಗುತ್ತದೆ.

ಹೊಸದಾಗಿ ಕೊಳ್ಳುವವರು ಲೇಪನವಿರುವ ನೀಲಿ ಫಿನ್ ಕೇಳಬಹುದು. ಆದರೆ ಲೇಪಿಸಿದ ತಗಡನ್ನು ಆಮೇಲೆ ಕತ್ತರಿಸಿದ್ದರೆ ಅಂಚುಗಳು ಬೋಳಾಗಿರುತ್ತವೆ. ಕಾಯಿಲ್ ಸಿದ್ಧವಾದ ಮೇಲೆ ಇಡಿಯಾಗಿ ಅದ್ದಿ ಲೇಪಿಸಿದ್ದಾದರೆ ಹೆಚ್ಚು ಬಾಳಿಕೆ. ಯೂನಿಟ್ ಕೂರಿಸಲು ಕಡಲಿಗೆ ಬೆನ್ನು ಹಾಕಿದ ಪೂರ್ವದ ಗೋಡೆ ಲೇಸು.

ಬಿಳಿ ಪುಡಿ ಮೆತ್ತಿಕೊಂಡಿದ್ದರೆ ಸವೆತ ಶುರುವಾಗಿದೆ ಎಂದರ್ಥ. ಸ್ವಿಚ್ ಆರಿಸಿ ಅಂಚನ್ನು ಮೆಲ್ಲಗೆ ಮುಟ್ಟಿದಾಗ ಫಿನ್ ಬಾಗದೆ ಹಪ್ಪಳದಂತೆ ಉದುರಿದರೆ ತೊಳೆದು, ಬಣ್ಣ ಹೊಡೆದು ಪ್ರಯೋಜನವಿಲ್ಲ, ಕಾಯಿಲ್ ಬದಲಿಸಬೇಕು.