ರಾತ್ರಿಯಿಡೀ ಆಟ, ಹದಿನೈದು ನಿಮಿಷದ ತಡೆ

ಕರಾವಳಿಯಲ್ಲಿ ಯಕ್ಷಗಾನದ ಆಟ ರಾತ್ರಿ ಒಂಬತ್ತಕ್ಕೆ ಶುರುವಾದರೆ ಮಂಗಳ ಹಾಡುವಾಗ ಬೆಳಗಿನ ಆರು. ಆ ಒಂಬತ್ತು ಗಂಟೆಯ ವಿಡಿಯೋವನ್ನು ಯೂಟ್ಯೂಬ್‌ಗೆ ಹಾಕಲು ಹೊರಟ ಹೊಸ ಚಾನೆಲ್‌ನವರಿಗೆ ಅದು ತೀರಾ ಉದ್ದವಾಯಿತೆಂಬ ಉತ್ತರ ಬರುತ್ತದೆ. ಫೋನ್ ನಂಬರ್ ದೃಢಪಡಿಸದ ಚಾನೆಲ್‌ಗೆ ಸಿಗುವುದು 15 ನಿಮಿಷ ಮಾತ್ರ.

ಆಗ ಹಲವರು ಆಟವನ್ನೇ ಕತ್ತರಿಸಲು ಕೂರುತ್ತಾರೆ. ಒಂಬತ್ತು ಗಂಟೆಗೆ 36 ತುಂಡು! ಒಂದೊಂದೇ ಏರಿಸುತ್ತ ಹೋದರೆ ನಡುವೆ ಎಲ್ಲೋ "Daily upload limit reached" ಎಂದು ತೆರೆ ಹೇಳುತ್ತದೆ. ದಿನದ ಈ ಮಿತಿ ಎಲ್ಲರಿಗೂ ಒಂದೇ ಅಲ್ಲ. ದೇಶ ಮತ್ತು ಚಾನೆಲ್‌ನ ಹಿಂದಿನ ನಡವಳಿಕೆ ನೋಡಿ ಬದಲಾಗುತ್ತದೆ. ಅದಕ್ಕೆ ಮದ್ದು 24 ಗಂಟೆ ಕಾಯುವುದು. ಫೋನ್ ಬದಲಿಸಿ ಕಂಪ್ಯೂಟರಿನಿಂದ ಹಾಕಿದರೂ ಲೆಕ್ಕ ಅದೇ.

ನಿಜವಾಗಿ ಬೇಕಿದ್ದದ್ದು ಕತ್ತರಿಯಲ್ಲ, ಒಂದು ಒಟಿಪಿ. youtube.com/verify ಪುಟದಲ್ಲಿ ಫೋನ್ ನಂಬರ್ ಕೊಟ್ಟು, ಬಂದ ಸಂಖ್ಯೆ ತುಂಬಿದರೆ ಮಿತಿ 12 ಗಂಟೆ ಅಥವಾ 256 ಜಿಬಿಗೆ ಏರುತ್ತದೆ. ಯಾವುದು ಮೊದಲು ಮುಟ್ಟುತ್ತದೋ ಅದು. ಒಂದು ನಂಬರಿನಿಂದ ವರ್ಷಕ್ಕೆ ಎರಡು ಚಾನೆಲ್‌ಗಳನ್ನಷ್ಟೇ ದೃಢಪಡಿಸಬಹುದು. ಹಾಗಾಗಿ ಸಂಘದ ಚಾನೆಲ್‌ಗೆ ಈಗಾಗಲೇ ಎರಡು ಕಡೆ ಕೊಟ್ಟ ನಂಬರ್ ನಡೆಯುವುದಿಲ್ಲ.

ಗಾತ್ರದ ಚಿಂತೆ ಸಾಮಾನ್ಯವಾಗಿ ಬೇಡ. ಸೆಕೆಂಡಿಗೆ 12 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದರೆ ಗಂಟೆಗೆ 5.4 ಜಿಬಿ, ಇಡೀ ಆಟಕ್ಕೆ ಸುಮಾರು 49 ಜಿಬಿ. ಮಿತಿಯ ಐದನೇ ಒಂದು ಭಾಗವೂ ಆಗಲಿಲ್ಲ. ಕಷ್ಟ ಇರುವುದು ಇಂಟರ್ನೆಟ್‌ನ ಏರಿಕೆ ವೇಗದಲ್ಲಿ. ಅದು 10 ಮೆಗಾಬಿಟ್ ಇದ್ದರೆ ಆಟ ನಡೆದದ್ದಕ್ಕಿಂತ ಹೆಚ್ಚು ಹೊತ್ತು, ಹತ್ತಿರ ಹತ್ತಿರ 11 ಗಂಟೆ ಬೇಕು. ನಡುವೆ ಕರೆಂಟ್ ಹೋದರೆ ಗಾಬರಿ ಬೇಡ: ಶುರು ಮಾಡಿದ 24 ಗಂಟೆಯೊಳಗೆ ಅದೇ ಫೈಲನ್ನು ಮತ್ತೆ ಆರಿಸಿದರೆ ನಿಂತಲ್ಲಿಂದ ಮುಂದುವರಿಯುತ್ತದೆ.

ಇನ್ನೊಂದು ತೊಡಕು ಕ್ಯಾಮೆರಾದ್ದು. ಹಲವು ಕ್ಯಾಮೆರಾಗಳು ಮೆಮೊರಿ ಕಾರ್ಡಿನ ಕಟ್ಟಳೆಯಿಂದಾಗಿ 4 ಜಿಬಿಗೊಂದು ಫೈಲ್ ಮಾಡುತ್ತವೆ. ಅವನ್ನು ಬಿಡಿಬಿಡಿಯಾಗಿ ಏರಿಸಿ ದಿನದ ಮಿತಿ ಕರಗಿಸುವ ಬದಲು ಒಂದಾಗಿ ಜೋಡಿಸುವುದು ಲೇಸು. `list.txt` ಎಂಬ ಫೈಲಿನಲ್ಲಿ ಸಾಲಿಗೊಂದರಂತೆ `file 'a1.mp4'` ಎಂದು ಕ್ರಮವಾಗಿ ಬರೆದು, ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್‌ಗೆ ಹೀಗೆ ಹೇಳಿದರೆ ಸಾಕು:

```
ffmpeg -f concat -i list.txt -c copy aata.mp4
```

ವಿಡಿಯೋವನ್ನು ಮರುಸಂಕುಚಿಸದೆ ಹಾಗೇ ಅಂಟಿಸುವುದರಿಂದ ಗುಣಮಟ್ಟ ಕೆಡುವುದಿಲ್ಲ, ಹೊತ್ತೂ ಹಿಡಿಯುವುದಿಲ್ಲ.

ಏರಿದ ಮೇಲೂ ಯೂಟ್ಯೂಬ್ ಮೊದಲು ಮಸುಕಾದ ಆವೃತ್ತಿಯನ್ನಷ್ಟೇ ತೋರಿಸುತ್ತದೆ, ಎಚ್‌ಡಿ ಬರಲು ಇನ್ನಷ್ಟು ಹೊತ್ತು ಬೇಕು. ಅದು ಬಂದು, ಕೊನೆಯ ಮಂಗಳಪದದವರೆಗೂ ಓಡಿಸಿ ನೋಡುವ ತನಕ ಮೆಮೊರಿ ಕಾರ್ಡನ್ನು ದಯವಿಟ್ಟು ಅಳಿಸಬೇಡಿ.