ಮೊದಲ ಎರಡು ನಿಮಿಷದಲ್ಲೇ ಹೇಳಬೇಕಾದ ಮಾತು

2014ರ ಜುಲೈ 17ರಂದು ಮೈಕ್ರೋಸಾಫ್ಟ್‌ನ ಹಿರಿಯ ಅಧಿಕಾರಿ ಸ್ಟೀಫನ್ ಎಲೊಪ್ ತಮ್ಮ ವಿಭಾಗದ ಸಿಬ್ಬಂದಿಗೆ ಒಂದು ಪತ್ರ ಬರೆದರು. ನೋಕಿಯಾದ ಫೋನ್ ವ್ಯವಹಾರವನ್ನು ಮೈಕ್ರೋಸಾಫ್ಟ್ ಕೊಂಡು ಆಗಿನ್ನೂ ಮೂರು ತಿಂಗಳಾಗಿತ್ತು. ಸಲುಗೆಯ ಒಂದು ನಮಸ್ಕಾರದೊಂದಿಗೆ ಶುರುವಾದ ಪತ್ರ ಕಂಪನಿಯ ಗುರಿ, ಫೋನ್‌ಗಳ ಮುಂದಿನ ಹಾದಿ, ಯಾವ ಮಾದರಿಗೆ ಎಷ್ಟು ಒತ್ತು ಎಂದು ಉದ್ದಕ್ಕೂ ವಿವರಿಸುತ್ತ ಹೋಯಿತು. ಸುಮಾರು 12,500 ಜನರ ಕೆಲಸ ಹೋಗಲಿದೆ ಎಂಬ ಸಂಗತಿ ಬಂದದ್ದು ಹನ್ನೊಂದನೆಯ ಪ್ಯಾರಾದಲ್ಲಿ. ಅಷ್ಟು ದೊಡ್ಡ ಸುದ್ದಿಯನ್ನು ಅಷ್ಟು ಒಳಗೆ ಇಟ್ಟದ್ದಕ್ಕೇ ಆ ಪತ್ರ ಇಂದಿಗೂ ನೆನಪಿನಲ್ಲಿದೆ.

ಕಂಪನಿಯ ಪುನರ್‌ರಚನೆಯನ್ನು ಘೋಷಿಸುವ ಸಭೆಯಲ್ಲಿ ಕುಳಿತವರ ಮನಸ್ಸಿನಲ್ಲಿ ಇರುವುದು ಒಂದೇ ಪ್ರಶ್ನೆ: ನನ್ನ ಕೆಲಸ ಉಳಿಯುತ್ತದೋ ಇಲ್ಲವೋ? ಅದಕ್ಕೆ ಉತ್ತರವೋ, ಉತ್ತರ ಯಾವಾಗ ಸಿಗುತ್ತದೆ ಎಂಬ ಮಾತೋ ಬರುವವರೆಗೆ ಬೇರೇನೂ ಕಿವಿಗೆ ಬೀಳುವುದಿಲ್ಲ. ಮಾರುಕಟ್ಟೆಯ ಸ್ಥಿತಿ, ಸಂಸ್ಥೆಯ ಇತಿಹಾಸ, ಮುಂದಿನ ಐದು ವರ್ಷದ ಕನಸು ಎಲ್ಲವೂ ಗಾಳಿಗೆ ಹೋಗುತ್ತವೆ. ಭಾಷಣ ಬರೆಯುವ ಮ್ಯಾನೇಜರ್ ಮೊದಲು ತಿಳಿಯಬೇಕಾದದ್ದು ಇದು.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಂಡು ನೋಡೋಣ. ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಬಿಡಿಭಾಗ ಮಾಡುವ ಕಂಪನಿ, 210 ಜನ. ಸರ್ವೀಸ್ ಮತ್ತು ಅಕೌಂಟ್ಸ್ ವಿಭಾಗಗಳನ್ನು ಬೆಂಗಳೂರಿನ ಕಚೇರಿಗೆ ಸೇರಿಸಬೇಕಾಗಿದೆ. ಈ ಎರಡೂ ವಿಭಾಗಗಳಲ್ಲಿ ಇರುವವರು 41 ಜನ. ಅವರಲ್ಲಿ 34 ಜನರ ಹುದ್ದೆ ಇಲ್ಲಿಂದ ಹೋಗುತ್ತದೆ, 12 ಮಂದಿಗೆ ಬೆಂಗಳೂರಿನಲ್ಲಿ ಜಾಗವಿದೆ. ಮ್ಯಾನೇಜರ್ ರಾತ್ರಿ ಕೂತು ಬರೆದ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

“ಆತ್ಮೀಯ ಸಹೋದ್ಯೋಗಿಗಳೇ, ಕಳೆದ ಹದಿನೆಂಟು ವರ್ಷಗಳಿಂದ ನಾವೆಲ್ಲ ಒಂದೇ ಕುಟುಂಬದವರಂತೆ ದುಡಿದಿದ್ದೇವೆ. ಬದಲಾಗುತ್ತಿರುವ ಮಾರುಕಟ್ಟೆಯ ಹಿನ್ನೆಲೆಯಲ್ಲಿ ಕೆಲವು ವಿಭಾಗಗಳ ಪುನರ್‌ರಚನೆ ಕೈಗೊಳ್ಳಲು ತೀರ್ಮಾನಿಸಲಾಗಿದೆ. ಈ ಹಂತದಲ್ಲಿ ನಮ್ಮ ಕೆಲವು ಸ್ನೇಹಿತರು ಹೊಸ ಅವಕಾಶಗಳತ್ತ ಹೆಜ್ಜೆ ಇಡಲಿದ್ದಾರೆ.”

ಇದರಲ್ಲಿ ಬೈಗುಳವಿಲ್ಲ, ಒರಟುತನವಿಲ್ಲ. ಆದರೂ ಕೇಳಿದವರಿಗೆ ಮೈ ಉರಿಯುತ್ತದೆ. “ತೀರ್ಮಾನಿಸಲಾಗಿದೆ” ಎಂದಾಗ ತೀರ್ಮಾನಿಸಿದವರು ಯಾರು ಎಂಬುದು ಮಾಯವಾಗುತ್ತದೆ. ನಮ್ಮ ಕಚೇರಿ ಕನ್ನಡಕ್ಕೆ ಈ ‘ಲಾಗಿದೆ’ ಎಷ್ಟು ಒಗ್ಗಿಹೋಗಿದೆ ಎಂದರೆ ಬರೆದವರಿಗೂ ತಾವು ಮರೆಯಾಗಿ ನಿಂತದ್ದು ಗೊತ್ತಾಗುವುದಿಲ್ಲ. “ಕೆಲವು” ಎಂದರೆ ಮೂವರೋ ಮೂವತ್ತೋ? ಸಂಖ್ಯೆ ಹೇಳದಿದ್ದರೆ ಊಟದ ಹೊತ್ತಿಗೆ ಅದು ನೂರಾಗಿರುತ್ತದೆ. “ಹೊಸ ಅವಕಾಶಗಳತ್ತ” ಎಂಬುದಂತೂ ಸುಳ್ಳು, ಏಕೆಂದರೆ ಅವರು ತಾವಾಗಿ ಹೋಗುತ್ತಿಲ್ಲ. ಇನ್ನು ಕುಟುಂಬದ ಮಾತು: ಮನೆಯಿಂದ ಯಾರನ್ನೂ ಒಂದು ತಿಂಗಳ ನೋಟಿಸ್ ಕೊಟ್ಟು ಕಳಿಸುವುದಿಲ್ಲ. ಆ ದಿನ ಆ ಮಾತು ಬರಲೇಬಾರದು.

ಅದನ್ನೇ ತಿದ್ದಿ ಬರೆದರೆ ಹೀಗಾಗಬಹುದು:

“ಎಲ್ಲರಿಗೂ ನಮಸ್ಕಾರ. ಒಂದು ಕೆಟ್ಟ ಸುದ್ದಿ ಹೇಳಲು ನಿಮ್ಮನ್ನು ಕರೆದಿದ್ದೇನೆ. ನಮ್ಮ ಸರ್ವೀಸ್ ಮತ್ತು ಅಕೌಂಟ್ಸ್ ವಿಭಾಗಗಳನ್ನು ಬೆಂಗಳೂರಿನ ಕಚೇರಿಗೆ ಸೇರಿಸುತ್ತಿದ್ದೇವೆ. ಇದರಿಂದ ಹುಬ್ಬಳ್ಳಿಯಲ್ಲಿ 34 ಹುದ್ದೆಗಳು ಹೋಗುತ್ತವೆ. 12 ಜನರಿಗೆ ಬೆಂಗಳೂರಿನಲ್ಲಿ ಕೆಲಸವಿದೆ. ಉಳಿದ 22 ಜನರ ಕೆಲಸ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಪ್ರೊಡಕ್ಷನ್, ಸ್ಟೋರ್ಸ್, ಮೆಂಟೆನೆನ್ಸ್‌ನಲ್ಲಿ ಈ ತೀರ್ಮಾನದಿಂದ ಯಾವ ಹುದ್ದೆಯೂ ಹೋಗುವುದಿಲ್ಲ. ಸರ್ವೀಸ್ ಮತ್ತು ಅಕೌಂಟ್ಸ್‌ನ 41 ಜನರನ್ನೂ ಇವತ್ತು ಸಂಜೆ ನಾಲ್ಕರೊಳಗೆ ಒಬ್ಬೊಬ್ಬರಾಗಿ ಕರೆದು ಮಾತಾಡುತ್ತೇವೆ. ಉಳಿಯುವವರನ್ನೂ ಕರೆಯುತ್ತೇವೆ. ತೀರ್ಮಾನ ನನ್ನದು ಮತ್ತು ಆಡಳಿತ ಮಂಡಳಿಯದು.”

ಓದಲು ಒಂದೂವರೆ ನಿಮಿಷ ಸಾಕು. ಇದಾದ ಮೇಲೆ ಸಭೆಯಲ್ಲಿರುವ 169 ಜನ ಉಸಿರು ಬಿಡಬಹುದು. 41 ಜನರಿಗೆ ತಮ್ಮ ಉತ್ತರ ಎಷ್ಟು ಗಂಟೆಯೊಳಗೆ ಸಿಗುತ್ತದೆ ಎಂಬುದು ಗೊತ್ತಿದೆ. ಉಳಿಯುವವರನ್ನೂ ಕರೆಯುವುದಕ್ಕೆ ಕಾರಣವಿದೆ. ಹೋಗುವವರನ್ನಷ್ಟೇ ಕರೆದರೆ, ಯಾರ ಫೋನ್ ರಿಂಗಾಯಿತು ಎಂದು ಇಡೀ ವಿಭಾಗ ಕತ್ತೆತ್ತಿ ನೋಡುತ್ತ ಕೂರುತ್ತದೆ. ಕೆಲಸ ಕಳೆದುಕೊಂಡವರು ಆ ನೋಟದ ನಡುವೆ ಎದ್ದು ನಡೆಯಬೇಕಾಗುತ್ತದೆ. 2021ರ ಡಿಸೆಂಬರ್ 1ರಂದು ಅಮೆರಿಕದ ಬೆಟರ್ ಡಾಟ್ ಕಾಮ್ ಕಂಪನಿಯ ವಿಶಾಲ್ ಗರ್ಗ್ ಸುಮಾರು 900 ಜನರನ್ನು ಒಂದೇ ಜೂಮ್ ಕರೆಗೆ ಸೇರಿಸಿ, ಈ ಕರೆಯಲ್ಲಿ ಇರುವವರೆಲ್ಲರ ಕೆಲಸ ಹೋಯಿತು ಎಂದರು. ಸುದ್ದಿ ಮೊದಲೇ ಹೇಳಿದರು, ಸ್ಪಷ್ಟವಾಗಿಯೂ ಹೇಳಿದರು. ಆದರೆ ಒಬ್ಬೊಬ್ಬರಿಗೂ ಮುಖ ಕೊಟ್ಟು ಮಾತಾಡುವ ಏರ್ಪಾಡು ಆ ಸ್ಪಷ್ಟತೆಯ ಹಿಂದೆ ಇರಲಿಲ್ಲ. ಅದಕ್ಕೆ ಬಂದ ಆಕ್ರೋಶ ದೇಶ ದಾಟಿ ಕೇಳಿಸಿತು.

ಸುದ್ದಿಯ ನಂತರ ಬರಬೇಕಾದದ್ದು ಕಾರಣ. ಇಲ್ಲಿ ಅಂಕಿ ಬೇಕು, ಜೊತೆಗೆ ಯಾರ ಲೆಕ್ಕ ತಪ್ಪಿತು ಎಂಬುದೂ ಬೇಕು. 2022ರ ನವೆಂಬರ್‌ನಲ್ಲಿ ಸ್ಟ್ರೈಪ್ ಕಂಪನಿ ಸುಮಾರು ಶೇ 14ರಷ್ಟು ಜನರನ್ನು ತೆಗೆದಾಗ ಅದರ ಸ್ಥಾಪಕರು ಅಗತ್ಯಕ್ಕಿಂತ ಹೆಚ್ಚು ಜನರನ್ನು ಸೇರಿಸಿಕೊಂಡೆವು, ಮಾರುಕಟ್ಟೆ ಬೆಳೆಯುವ ವೇಗವನ್ನು ಅತಿಯಾಗಿ ಅಂದಾಜಿಸಿದೆವು, ಖರ್ಚನ್ನು ಬೇಗ ಬೇಗ ಏರಿಸಿದೆವು ಎಂದು ಬಿಡಿಸಿ ಹೇಳಿದರು. ನಮ್ಮ ಹುಬ್ಬಳ್ಳಿ ಮ್ಯಾನೇಜರ್ ಹೇಳಬಹುದಾದದ್ದು ಇಷ್ಟು: “ನಮ್ಮ ಇಬ್ಬರು ದೊಡ್ಡ ಗ್ರಾಹಕರು ಆರ್ಡರ್ ನಿಲ್ಲಿಸಿದರು. ಎರಡು ವರ್ಷದಲ್ಲಿ ಮಾರಾಟ 46 ಕೋಟಿಯಿಂದ 31 ಕೋಟಿಗೆ ಇಳಿಯಿತು. ಸರ್ವೀಸ್ ವಿಭಾಗವನ್ನು ದೊಡ್ಡದು ಮಾಡಿದವನು ನಾನು. ಅಷ್ಟು ಕೆಲಸ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಹೋಗುತ್ತಿರುವವರ ಕೆಲಸದಲ್ಲಿ ಕೊರತೆ ಇರಲಿಲ್ಲ.” ಕೊನೆಯ ವಾಕ್ಯ ನಿಜವಾಗಿದ್ದರೆ ಮಾತ್ರ ಹೇಳಬೇಕು. ಪಟ್ಟಿ ಮಾಡುವಾಗ ಕೆಲಸದ ಗುಣಮಟ್ಟವನ್ನೂ ನೋಡಿದ್ದರೆ, “ನೋಡಿದ್ದೇವೆ” ಎಂದೇ ಹೇಳಬೇಕು.

ಇನ್ನು ಹಣದ ವಿಷಯ. ಜಾಣತನದ ಅಪ್ರಾಮಾಣಿಕತೆ ಹೆಚ್ಚು ನುಸುಳುವುದು ಇಲ್ಲಿ. ನೋಟಿಸ್ ಅವಧಿಯ ಸಂಬಳ, ಗ್ರಾಚ್ಯುಯಿಟಿ, ಪಿಎಫ್, ಬಾಕಿ ರಜೆಯ ಹಣ ಇವೆಲ್ಲ ನೌಕರನಿಗೆ ಸಲ್ಲಲೇಬೇಕಾದವು. ಕಾರ್ಮಿಕ ಎಂಬ ವ್ಯಾಖ್ಯೆಗೆ ಬರುವವರಿಗೆ ಒಂದು ವರ್ಷದ ಸೇವೆಗೆ ಹದಿನೈದು ದಿನದ ಸರಾಸರಿ ವೇತನದಂತೆ ಪರಿಹಾರವನ್ನೂ ಕಾನೂನೇ ಹೇಳುತ್ತದೆ. ಇವೆಲ್ಲವನ್ನೂ ಒಟ್ಟು ಕೂಡಿಸಿ “ಉದಾರ ಪ್ಯಾಕೇಜ್” ಎಂದು ಕರೆದರೆ ಕಂಪನಿ ತನ್ನ ಸಾಲ ತೀರಿಸುವುದನ್ನು ದಾನವೆಂದು ತೋರಿಸಿದಂತೆ. ಎರಡನ್ನೂ ಬೇರೆ ಬೇರೆಯಾಗಿ ಹೇಳುವುದೇ ಸರಿ: “ಕಾನೂನಿನಂತೆ ನಿಮಗೆ ಬರಬೇಕಾದದ್ದೆಲ್ಲ ಬರುತ್ತದೆ. ಲೆಕ್ಕದ ಹಾಳೆ ಇವತ್ತೇ ನಿಮ್ಮ ಕೈಗೆ ಕೊಡುತ್ತೇವೆ. ಅದರ ಮೇಲೆ ಕಂಪನಿ ಎರಡು ತಿಂಗಳ ಸಂಬಳ ಕೊಡುತ್ತದೆ. ಮನೆಯವರಿಗೂ ಇರುವ ಆರೋಗ್ಯ ವಿಮೆ ಮಾರ್ಚ್ 31ರವರೆಗೆ ಮುಂದುವರಿಯುತ್ತದೆ.”

ವಿವರ ಎಷ್ಟು ನಿಖರವಾಗಿರಬೇಕು ಎಂಬುದಕ್ಕೆ ಏರ್‌ಬಿಎನ್‌ಬಿಯ ಬ್ರಯನ್ ಚೆಸ್ಕಿ 2020ರ ಮೇ 5ರಂದು ಬರೆದ ಪತ್ರ ಒಳ್ಳೆಯ ಮಾದರಿ. ಕೋವಿಡ್‌ನಿಂದ ಪ್ರವಾಸ ನಿಂತುಹೋಗಿ ಅವರು 7,500 ಜನರಲ್ಲಿ ಸುಮಾರು 1,900 ಮಂದಿಯನ್ನು ತೆಗೆಯಬೇಕಾಯಿತು. ಅಮೆರಿಕದಲ್ಲಿರುವವರಿಗೆ ಹದಿನಾಲ್ಕು ವಾರದ ಮೂಲ ವೇತನ, ಸೇವೆಯ ಪ್ರತಿ ವರ್ಷಕ್ಕೆ ಇನ್ನೊಂದು ವಾರದ್ದು, ಹನ್ನೆರಡು ತಿಂಗಳ ಆರೋಗ್ಯ ವಿಮೆ, ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಅವರಿಗೇ ಎಂದು ಅದರಲ್ಲಿ ಬರೆದಿತ್ತು. ಪ್ರವಾಸ ಯಾವಾಗ ಮತ್ತೆ ಶುರುವಾಗುತ್ತದೆ ಎಂಬುದು ನಮಗೆ ಗೊತ್ತಿಲ್ಲ ಎಂದೂ ನೇರವಾಗಿ ಬರೆದಿದ್ದರು. ಅದೇ ಪತ್ರದ ಕೊನೆಗೆ ಎಲ್ಲರ ಮೇಲೂ ಪ್ರೀತಿ ಇದೆ ಎಂಬ ಮಾತೂ ಇತ್ತು. ನನ್ನ ಮಟ್ಟಿಗೆ ಆ ಪತ್ರದ ಮರ್ಯಾದೆ ಲ್ಯಾಪ್‌ಟಾಪ್‌ನ ಸಾಲಿನಲ್ಲಿದೆ. ಬೇರೆ ಕೆಲಸ ಹುಡುಕಲು ಮರುದಿನವೇ ಏನು ಬೇಕಾಗುತ್ತದೆ ಎಂದು ಯಾರೋ ಕೂತು ಯೋಚಿಸಿದ್ದಾರೆ.

“ನನಗೂ ರಾತ್ರಿ ನಿದ್ದೆ ಬರಲಿಲ್ಲ” ಎಂಬಂಥ ವಾಕ್ಯ ನಿಜವಿದ್ದರೂ ಬಿಟ್ಟುಬಿಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೆಲಸ ಹೋದವರ ಎದುರು ಕೆಲಸ ಉಳಿದವರು ತಮ್ಮ ನೋವು ಹೇಳಿಕೊಂಡರೆ, ಕೇಳಿದವರೇ ಅವರನ್ನು ಸಮಾಧಾನ ಮಾಡಬೇಕಾದ ಸ್ಥಿತಿ ಬರುತ್ತದೆ. “ಇದಕ್ಕೆ ನಾನು ಕ್ಷಮೆ ಕೇಳುತ್ತೇನೆ” ಎಂದು ಒಮ್ಮೆ ಹೇಳಿ ಮುಂದಕ್ಕೆ ಹೋದರೆ ಸಾಕು.

ಪದ ಆರಿಸುವಾಗ ಕಾನೂನಿನ ಕಡೆಗೂ ಒಂದು ಕಣ್ಣಿರಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ 300 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ, ಗಣಿ, ಪ್ಲಾಂಟೇಶನ್‌ಗಳಲ್ಲಿ ಕಾರ್ಮಿಕರನ್ನು ತೆಗೆಯುವ ಮೊದಲು ಸರ್ಕಾರದ ಅನುಮತಿ ಬೇಕು. ಅಲ್ಲಿ “ತೆಗೆಯುತ್ತಿದ್ದೇವೆ” ಎಂದು ಮೊದಲೇ ಸಾರುವಂತಿಲ್ಲ, “ಅನುಮತಿ ಕೇಳಿದ್ದೇವೆ” ಎನ್ನಬೇಕು. ನಮ್ಮ ಉದಾಹರಣೆಯ ಕಂಪನಿ ಚಿಕ್ಕದು, ಆ ಅನುಮತಿಯ ಪ್ರಶ್ನೆ ಏಳುವುದಿಲ್ಲ. ಬೆಂಗಳೂರಿನಲ್ಲಿ ಕೂತು ಲಂಡನ್ನಿನ ತಂಡಕ್ಕೂ ಮಾತಾಡುವ ಮ್ಯಾನೇಜರ್‌ಗೆ ಬೇರೊಂದು ತೊಡಕಿದೆ. ಬ್ರಿಟನ್‌ನಲ್ಲಿ ಒಂದೇ ಕಡೆ 90 ದಿನಗಳೊಳಗೆ 20 ಅಥವಾ ಹೆಚ್ಚು ಹುದ್ದೆ ತೆಗೆಯುವುದಾದರೆ ಮೊದಲು ನೌಕರರ ಪ್ರತಿನಿಧಿಗಳೊಂದಿಗೆ ಸಮಾಲೋಚನೆ ನಡೆಯಬೇಕು. ಅಲ್ಲಿಯವರಿಗೆ ಅದಿನ್ನೂ ಪ್ರಸ್ತಾಪವಷ್ಟೇ. ಇಂಥ ಕಡೆ “ಪ್ರಸ್ತಾಪ” ಎನ್ನುವುದು ಅಡಗಿಕೊಳ್ಳುವ ಮಾತಾಗುವುದಿಲ್ಲ. ಆದರೆ ಎಲ್ಲ ಮುಗಿದುಹೋದ ಕಡೆ ಅದೇ ಪದ ಬಳಸಿದರೆ ಸುಳ್ಳಾಗುತ್ತದೆ.

ಪ್ರಶ್ನೆಗಳ ಸಮಯ ಬರೆದಿಟ್ಟ ಭಾಷಣಕ್ಕಿಂತ ಕಷ್ಟದ್ದು. ಯಾರಾದರೂ ಎದ್ದು ಕೇಳಿಯೇ ಕೇಳುತ್ತಾರೆ: “ಸರ್, ಇಷ್ಟಕ್ಕೇ ಮುಗಿಯಿತಾ? ಇನ್ನೂ ತೆಗೀತೀರಾ?” ಸಭೆಯ ಮುಖ ನೋಡಿ “ಇಲ್ಲ, ಇನ್ನು ಯಾರನ್ನೂ ತೆಗೆಯುವುದಿಲ್ಲ” ಎಂದು ಬಿಡುವ ಆಸೆ ಆ ಕ್ಷಣದಲ್ಲಿ ಬಹಳ. ಆರು ತಿಂಗಳ ನಂತರ ಇನ್ನೊಂದು ಕಡಿತ ಬಂದರೆ ಆ ಮ್ಯಾನೇಜರ್‌ನ ಮಾತಿಗೆ ಆಮೇಲೆ ಬೆಲೆ ಇರುವುದಿಲ್ಲ. ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಬಿಡಿಸಿ, ದಿನಾಂಕ ಸೇರಿಸಿ ಉತ್ತರಿಸಬೇಕು: “ಇವತ್ತು ನನ್ನ ಮುಂದೆ ಬೇರೆ ಯಾವ ಯೋಜನೆಯೂ ಇಲ್ಲ. ಜನವರಿಯಲ್ಲಿ ಆರ್ಡರ್ ನೋಡಿ ಮತ್ತೆ ಲೆಕ್ಕ ಹಾಕುತ್ತೇವೆ. ಜನವರಿ 20ರಂದು ಇಲ್ಲೇ ಸೇರೋಣ, ಏನಾದರೂ ಹೇಳುತ್ತೇನೆ.”

“ಹೋದ ತಿಂಗಳು ಕೇಳಿದಾಗ ಎಲ್ಲ ಚೆನ್ನಾಗಿದೆ ಅಂದ್ರಲ್ಲ, ಆಗ ನಿಮಗೆ ಗೊತ್ತಿತ್ತಾ?” ಎಂಬುದು ಇನ್ನೂ ಚುಚ್ಚುವ ಪ್ರಶ್ನೆ. ಗೊತ್ತಿದ್ದರೆ “ಗೊತ್ತಿತ್ತು. ತೀರ್ಮಾನ ಆಗಿರಲಿಲ್ಲ, ಹಾಗಾಗಿ ಹೇಳಲಿಲ್ಲ. ಆದರೆ ಎಲ್ಲ ಚೆನ್ನಾಗಿದೆ ಎನ್ನಬಾರದಿತ್ತು” ಎನ್ನಬೇಕು. ಸೆಕ್ಯುರಿಟಿ, ಕ್ಯಾಂಟೀನ್, ಹೌಸ್‌ಕೀಪಿಂಗ್‌ನಲ್ಲಿ ಗುತ್ತಿಗೆ ಮೇಲೆ ದುಡಿಯುವವರು ಈ ಸಭೆಗೆ ಬಂದಿರುವುದೇ ಇಲ್ಲ. 34 ಜನ ಕಡಿಮೆಯಾದರೆ ಕ್ಯಾಂಟೀನ್‌ನಲ್ಲೂ ಕೆಲಸ ಕಡಿಮೆಯಾಗುತ್ತದೆ. ಅವರ ಬಗ್ಗೆ ಯಾರೂ ಕೇಳದಿದ್ದರೂ ಮ್ಯಾನೇಜರ್ ತಾನಾಗಿ ಹೇಳಬೇಕು, ಗುತ್ತಿಗೆದಾರನೊಂದಿಗೆ ಮೊದಲೇ ಮಾತಾಡಿರಬೇಕು.

ಶುಕ್ರವಾರ ಸಂಜೆ ಈ ಸಭೆ ಇಡುವುದು ಬೇಡ. ಹಾಳೆ ಹಿಡಿದು ಮನೆಗೆ ಹೋದವರಿಗೆ ಎರಡು ದಿನ ಯಾರನ್ನೂ ಕೇಳಲಾಗುವುದಿಲ್ಲ. ವಾರದ ಮೊದಲ ದಿನಗಳಲ್ಲಿ ಬೆಳಿಗ್ಗೆ ಇಟ್ಟರೆ ಎಚ್‌ಆರ್ ಕೋಣೆಯ ಬಾಗಿಲು ಸಂಜೆಯವರೆಗೆ ತೆರೆದಿರುತ್ತದೆ, ಮರುದಿನವೂ ತೆರೆದಿರುತ್ತದೆ. ಇನ್ನು ಜನವರಿ 20 ಬಂದಾಗ ಹೇಳಲು ಹೊಸದೇನೂ ಇಲ್ಲದಿದ್ದರೂ ಸಭೆ ಕರೆಯಬೇಕು. “ಲೆಕ್ಕ ಇನ್ನೂ ಮುಗಿದಿಲ್ಲ, ಫೆಬ್ರುವರಿ 10ಕ್ಕೆ ಮುಗಿಯುತ್ತದೆ, ಆವತ್ತು ಮತ್ತೆ ಸೇರೋಣ” ಎಂದು ಹೇಳಲು ಐದು ನಿಮಿಷ ಸಾಕು.